ಬಾಡಿಗೆ ಏರಿಕೆ ತಗ್ಗಿಸಲು ಮನೆ ಮಾಲೀಕರಿಗೊಂದು ಕಾಗದ: ಹಂತ ಹಂತವಾಗಿ

ಹನ್ನೊಂದು ತಿಂಗಳ ಅಗ್ರಿಮೆಂಟ್ ಮುಗಿಯುವ ಹೊತ್ತಿಗೆ ಬೆಂಗಳೂರಿನ ಬಾಡಿಗೆದಾರರಿಗೆ ಆ ಮಾತು ಸಾಮಾನ್ಯವಾಗಿ ಗೇಟಿನ ಹತ್ತಿರವೋ ಮೆಟ್ಟಿಲ ಮೇಲೋ ಸಿಗುತ್ತದೆ. "ಈ ಸಲ ಮೂರು ಸಾವಿರ ಜಾಸ್ತಿ ಮಾಡ್ಬೇಕು ಅಂತಿದೀವಿ ನೋಡಿ." ಅಲ್ಲೇ ನಿಂತು ನಾವು ಕೊಡುವ ಉತ್ತರವೂ ಹೆಚ್ಚುಕಡಿಮೆ ಒಂದೇ. "ಅಷ್ಟೊಂದು ಆಗಲ್ಲ ಅಂಕಲ್, ಸ್ವಲ್ಪ ನೋಡಿ." ಅವರು "ನೋಡೋಣ" ಅನ್ನುತ್ತಾರೆ, ಒಂದೈನೂರು ಇಳಿಸುತ್ತಾರೆ, ಇಲ್ಲವೇ ಇಳಿಸುವುದಿಲ್ಲ. ಮಾತು ಮುಗಿಯುತ್ತದೆ.

ಈ ಉತ್ತರದಲ್ಲಿ ಒಂದು ಕೊರತೆಯಿದೆ. "ಆಗಲ್ಲ" ಎಂಬುದು ನಮ್ಮ ಜೇಬಿನ ಸುದ್ದಿ. ಮಾಲೀಕರ ತಲೆಯಲ್ಲಿರುವುದು ಮನೆಯ ಬೆಲೆ: ಇದೇ ಮನೆಯನ್ನು ಇನ್ನೊಬ್ಬರಿಗೆ ಕೊಟ್ಟರೆ ಎಷ್ಟು ಬರುತ್ತದೆ? ಅದಕ್ಕೆ ಉತ್ತರ ಕೊಡುವ ಕಾಗದ ಬರೆದರೆ ಮಾತುಕತೆಯ ದಾರಿಯೇ ಬದಲಾಗುತ್ತದೆ. ಅಂಥ ಕಾಗದದಲ್ಲಿ ಎರಡು ಆಧಾರಗಳಿರುತ್ತವೆ. ಒಂದು, ಸುತ್ತಮುತ್ತ ಇಂಥದೇ ಮನೆಗಳಿಗೆ ಈಗ ಇರುವ ಬಾಡಿಗೆ. ಇನ್ನೊಂದು, ಮನೆಯನ್ನು ಸುಸ್ಥಿತಿಯಲ್ಲಿಡಲು ನೀವು ಕೈಯಿಂದ ಹಾಕಿದ ಹಣ. ಇವೆರಡರ ಕೆಲಸ ಬೇರೆ ಬೇರೆ ಎಂಬುದನ್ನು ಮೊದಲೇ ತಿಳಿದುಕೊಳ್ಳಬೇಕು. ಬಾಡಿಗೆ ಎಷ್ಟರಿಂದ ಎಷ್ಟರೊಳಗೆ ಇರಬೇಕೆಂದು ಹೇಳುವುದು ಸುತ್ತಲಿನ ಬಾಡಿಗೆ. ಆ ಎರಡು ಅಂಚುಗಳ ನಡುವೆ ನಿಮ್ಮ ಮಟ್ಟಿಗೆ ಎಲ್ಲಿ ನಿಲ್ಲಬೇಕೆಂದು ಹೇಳುವುದು ನಿಮ್ಮ ಖರ್ಚು. ಎರಡನ್ನೂ ಕಲಸಿದರೆ ಕಾಗದ ದೂರಿನ ಪಟ್ಟಿಯಾಗುತ್ತದೆ.

ಲೆಕ್ಕ ತೋರಿಸಲು ಒಂದು ಮನೆಯನ್ನು ಉದಾಹರಣೆಯಾಗಿ ಹಿಡಿಯೋಣ. ವಿಜಯನಗರದ ಒಂದು ಕ್ರಾಸ್‌ನಲ್ಲಿ ಎರಡನೇ ಮಹಡಿ, ಎರಡು ಬೆಡ್‌ರೂಮು, ಎಂಟು ಚದರ. ಲಿಫ್ಟ್ ಇಲ್ಲ, ಸ್ಕೂಟರ್ ನಿಲ್ಲಿಸಲು ಮಾತ್ರ ಜಾಗ, ನೀರಿನ ದುಡ್ಡು ಬೇರೆ. ಮಾಲೀಕ ದಂಪತಿ ಕೆಳಗಿನ ಮನೆಯಲ್ಲೇ ಇದ್ದಾರೆ. ಬಾಡಿಗೆ 18,000 ರೂಪಾಯಿ, ಅಡ್ವಾನ್ಸ್ ಒಂದು ಲಕ್ಷ. ಬಾಡಿಗೆದಾರರು ಬಂದು ಎರಡು ಅಗ್ರಿಮೆಂಟ್, ಅಂದರೆ 22 ತಿಂಗಳು ಮುಗಿಯುತ್ತ ಬಂದಿದೆ. ನಡುವೆ ಒಮ್ಮೆಯೂ ಬಾಡಿಗೆ ಏರಿಸಿಲ್ಲ. ಈಗ 21,000 ಕೇಳಿದ್ದಾರೆ. ಈ ಅಂಕಿಗಳೆಲ್ಲ ಲೆಕ್ಕ ತೋರಿಸಲು ಇಟ್ಟುಕೊಂಡವು. ನಿಮ್ಮ ಬೀದಿಯ ಅಂಕಿಗಳನ್ನು ನೀವೇ ಹುಡುಕಬೇಕು.

ಹಂತ 1: ಅಗ್ರಿಮೆಂಟ್ ತೆಗೆದು ಮೂರು ಸಾಲು ಓದಿ

ಕಾಗದ ಬರೆಯುವ ಮೊದಲು ಬೀರುವಿನಲ್ಲಿರುವ ಕರಾರು ಪತ್ರವನ್ನು ಹೊರಗೆ ತೆಗೆಯಿರಿ. ಅದರಲ್ಲಿ ನೋಡಬೇಕಾದದ್ದು ಮೂರು ವಿಷಯ: ಬಾಡಿಗೆ ಏರಿಕೆಯ ಬಗ್ಗೆ ಏನು ಬರೆದಿದೆ, ಮನೆ ಬಿಡಲು ಅಥವಾ ಬಿಡಿಸಲು ಎಷ್ಟು ತಿಂಗಳ ನೋಟಿಸ್ ಬೇಕು, ರಿಪೇರಿ ಯಾರ ಹೊಣೆ.

ಅನೇಕ ಅಗ್ರಿಮೆಂಟ್‌ಗಳಲ್ಲಿ "ಹನ್ನೊಂದು ತಿಂಗಳ ನಂತರ ಶೇಕಡ 5 ಹೆಚ್ಚಳ" ಅಥವಾ "ಶೇಕಡ 10 ಹೆಚ್ಚಳ" ಎಂಬ ಸಾಲು ಇರುತ್ತದೆ. ಅದಿದ್ದರೆ ನಿಮ್ಮ ಕೆಲಸ ಅರ್ಧ ಆದಂತೆ. ಕಾಗದವನ್ನು ಆ ಸಾಲಿನಿಂದಲೇ ಶುರುಮಾಡಬಹುದು. ನಮ್ಮ ಉದಾಹರಣೆಯ ಅಗ್ರಿಮೆಂಟಿನಲ್ಲಿ "ನವೀಕರಣದ ವೇಳೆ ಉಭಯತ್ರರ ಒಪ್ಪಿಗೆಯಂತೆ" ಎಂದಷ್ಟೇ ಇದೆ. ಅಂದರೆ ಅಂಕಿಯನ್ನು ಮಾತಾಡಿಯೇ ತೀರ್ಮಾನಿಸಬೇಕು.

"ಇಷ್ಟು ಏರಿಸಲು ಕಾನೂನಿನಲ್ಲಿ ಅವಕಾಶವಿಲ್ಲ" ಎಂದು ಬರೆಯುವ ಆಸೆ ಬರಬಹುದು. ಬರೆಯಬೇಡಿ. 1999ರ ಕರ್ನಾಟಕ ಬಾಡಿಗೆ ಕಾಯ್ದೆ ದೊಡ್ಡ ನಗರಗಳಲ್ಲಿ ತಿಂಗಳಿಗೆ 3,500 ರೂಪಾಯಿ ಮೀರಿದ ಬಾಡಿಗೆಯ ಮನೆಗಳಿಗೆ ಅನ್ವಯಿಸುವುದಿಲ್ಲ. ಇಂದಿನ ಬೆಂಗಳೂರಿನಲ್ಲಿ ಹೆಚ್ಚುಕಡಿಮೆ ಎಲ್ಲ ಮನೆಗಳೂ ಆ ಮಿತಿಯ ಆಚೆ ಇವೆ. ನಿಮಗಿರುವ ಬಲ ಕರಾರಿನ ಮಾತು ಮತ್ತು ಮಾರುಕಟ್ಟೆಯ ಅಂಕಿ. ಇಲ್ಲದ ಕಾನೂನನ್ನು ತೋರಿಸಿದರೆ ಉಳಿದ ಸತ್ಯವಾದ ಮಾತುಗಳ ಮೇಲೂ ನಂಬಿಕೆ ಹೋಗುತ್ತದೆ.

ನೋಟಿಸ್ ಅವಧಿ ಎರಡು ತಿಂಗಳಿದ್ದರೆ, ಅದು ಶುರುವಾಗುವ ಮೊದಲೇ ಕಾಗದ ಮಾಲೀಕರ ಕೈ ಸೇರಬೇಕು. ಏರಿಕೆಯ ಮಾತು ಬಂದ ಒಂದು ವಾರ, ಹತ್ತು ದಿನದೊಳಗೆ ಕೊಡುವುದು ಒಳ್ಳೆಯದು. ತಡಮಾಡಿದಷ್ಟೂ "ಅವರು ಒಪ್ಪಿದ್ದಾರೆ" ಎಂಬ ಭಾವನೆ ಗಟ್ಟಿಯಾಗುತ್ತದೆ.

ಹಂತ 2: ಸುತ್ತಲಿನ ಬಾಡಿಗೆ ಕೇಳಿ ತಿಳಿಯಿರಿ

ಇದಕ್ಕೆ ಒಂದು ಶನಿವಾರ, ಒಂದು ಭಾನುವಾರ ಸಾಕು. ನಿಮ್ಮ ಮನೆಯಿಂದ ಹತ್ತು ನಿಮಿಷ ನಡೆದು ಹೋಗುವಷ್ಟು ದೂರದೊಳಗೆ ಸುತ್ತಾಡಿ. ಅದಕ್ಕಿಂತ ಆಚೆ ಹೋದರೆ "ಅದು ಆ ಕಡೆ, ಇದು ಮೆಟ್ರೋ ಹತ್ತಿರ" ಎಂಬ ಮಾತಿಗೆ ಜಾಗ ಕೊಟ್ಟಂತಾಗುತ್ತದೆ.

ಸುದ್ದಿ ಸಿಗುವುದು ಮೂರು ಕಡೆ. ಗೇಟಿಗೆ ನೇತುಹಾಕಿದ ಟು-ಲೆಟ್ ಬೋರ್ಡಿನ ನಂಬರಿಗೆ ಫೋನ್ ಮಾಡಿ ಬಾಡಿಗೆ, ಅಡ್ವಾನ್ಸ್, ನೀರು, ಪಾರ್ಕಿಂಗ್ ಕೇಳಿ. ಕಳೆದ ಆರು ತಿಂಗಳಲ್ಲಿ ಹೊಸದಾಗಿ ಬಂದ ಅಕ್ಕಪಕ್ಕದವರನ್ನು ವಿಚಾರಿಸಿ. ಬಡಾವಣೆಯ ಬ್ರೋಕರ್ ಒಬ್ಬರನ್ನು ಮಾತಾಡಿಸಿ. ಕಿರಾಣಿ ಅಂಗಡಿಯವರಿಗೆ, ಇಸ್ತ್ರಿ ಅಂಗಡಿಯವರಿಗೆ ಯಾವ ಮನೆ ಖಾಲಿ ಎಂಬುದು ಬ್ರೋಕರ್‌ಗಿಂತ ಮೊದಲೇ ಗೊತ್ತಿರುತ್ತದೆ.

ಇಲ್ಲಿ ಹೊಸಬರು ಎಡವುವುದು ಒಂದು ಕಡೆ. ಬೋರ್ಡಿನವರು ಹೇಳುವುದು ಕೇಳುವ ಬಾಡಿಗೆ; ಹೊಸದಾಗಿ ಬಂದ ನೆರೆಯವರು ಹೇಳುವುದು ಕುದುರಿದ ಬಾಡಿಗೆ. ಎರಡರ ನಡುವೆ ಐನೂರೋ ಸಾವಿರವೋ ವ್ಯತ್ಯಾಸ ಇರಬಹುದು. ಹಾಗಾಗಿ ಪ್ರತಿ ಅಂಕಿಯ ಪಕ್ಕದಲ್ಲೂ "ಕೇಳಿದ್ದು" ಅಥವಾ "ಕುದುರಿದ್ದು" ಎಂದು ಬರೆದಿಟ್ಟುಕೊಳ್ಳಿ. ತಾರೀಖೂ ಇರಲಿ. ಬೋರ್ಡ್ ಎಷ್ಟು ದಿನದಿಂದ ನೇತಾಡುತ್ತಿದೆ ಎಂಬುದನ್ನೂ ಗುರುತು ಮಾಡಿ. ಎರಡು ತಿಂಗಳಿಂದ ಹೋಗದೆ ಇರುವ ಮನೆಯ ಬಾಡಿಗೆ, ಯಾರೂ ಕೊಡಲು ಒಪ್ಪದ ಬಾಡಿಗೆ ಎಂದೇ ಅರ್ಥ.

ನೆರೆಯವರು ನಂಬಿ ಹೇಳಿದ ಅಂಕಿಯನ್ನು ಅವರ ಹೆಸರಿನೊಂದಿಗೆ ಕಾಗದದಲ್ಲಿ ಬರೆಯಬೇಡಿ. ಅದು ಅವರ ಮಾಲೀಕರ ಕಿವಿಗೂ ಹೋಗಿ ಅವರಿಗೆ ತೊಂದರೆಯಾದೀತು. "ಮುಂದಿನ ಕ್ರಾಸ್‌ನಲ್ಲಿ ಎರಡನೇ ಮಹಡಿಯ ಮನೆ" ಎಂದರೆ ಸಾಕು. ಅಷ್ಟನ್ನು ಬರೆಯುವ ಮೊದಲೂ ಅವರನ್ನು ಒಂದು ಮಾತು ಕೇಳಿ.

ಹಂತ 3: ಹೋಲಿಕೆಯನ್ನು ಸಮ ಮಾಡಿ

ನಮ್ಮ ಬಾಡಿಗೆದಾರರಿಗೆ ಆರು ಮನೆಗಳ ಸುದ್ದಿ ಸಿಕ್ಕಿತೆಂದು ಇಟ್ಟುಕೊಳ್ಳಿ. ಅವನ್ನು ಹಾಗೇ ಸಾಲಾಗಿ ಬರೆದರೆ ಪ್ರಯೋಜನವಿಲ್ಲ. ಒಂದೊಂದನ್ನೂ ತಮ್ಮ ಮನೆಯ ಅಳತೆಗೆ ತರಬೇಕು.

ಅದೇ ಬೀದಿಯಲ್ಲಿ ಒಂದನೇ ಮಹಡಿಯ ಮನೆಗೆ 21,500 ಕೇಳುತ್ತಿದ್ದಾರೆ. ನೋಡಿದರೆ ಮಾಲೀಕರು ಕೇಳಿದ್ದೇ ಸರಿ ಅನ್ನಿಸುತ್ತದೆ. ಆದರೆ ಅದಕ್ಕೆ ಕಾರ್ ಪಾರ್ಕಿಂಗ್ ಇದೆ, ನೀರಿನ ದುಡ್ಡೂ ಅದರಲ್ಲೇ ಸೇರಿದೆ. ಆ ಬೀದಿಯಲ್ಲಿ ಕಾರು ನಿಲ್ಲಿಸುವ ಜಾಗವನ್ನಷ್ಟೇ ಬಾಡಿಗೆಗೆ ಪಡೆದವರು ತಿಂಗಳಿಗೆ 1,500 ಕೊಡುತ್ತಿದ್ದಾರೆ. ಉದಾಹರಣೆಯ ಮನೆಯವರು ನೀರಿಗೆ ತಿಂಗಳಿಗೆ 500 ಕೊಡುತ್ತಾರೆ. ಎರಡನ್ನೂ ಕಳೆದರೆ ಉಳಿಯುವುದು 19,500.

ಮುಂದಿನ ಕ್ರಾಸ್‌ನ ಎರಡನೇ ಮಹಡಿಯ ಮನೆ ನಾಲ್ಕು ತಿಂಗಳ ಹಿಂದೆ 19,000ಕ್ಕೆ ಕುದುರಿದೆ. ಅದು ಎಲ್ಲ ರೀತಿಯಲ್ಲೂ ತಮ್ಮ ಮನೆಯಂಥದೇ. ಇದೇ ಪಟ್ಟಿಯ ಅತಿ ಬಲವಾದ ಸಾಲು.

ಮೂರನೇ ಮನೆಗೆ ಬಾಡಿಗೆ 18,500, ಆದರೆ ಅಡ್ವಾನ್ಸ್ ಎರಡು ಲಕ್ಷ. ಇವರದಕ್ಕಿಂತ ಒಂದು ಲಕ್ಷ ಹೆಚ್ಚು. ಆ ಹಣ ಬ್ಯಾಂಕಿನಲ್ಲಿದ್ದರೆ ಬರುತ್ತಿದ್ದ ಬಡ್ಡಿಯನ್ನು ವರ್ಷಕ್ಕೆ ನೂರಕ್ಕೆ 6 ಎಂದು ಹಿಡಿದರೆ 6,000 ರೂಪಾಯಿ, ತಿಂಗಳಿಗೆ 500. ಹಾಗಾಗಿ ಆ ಮನೆಯ ನಿಜವಾದ ಬಾಡಿಗೆ 19,000. ಈ ಐನೂರನ್ನು ಸೇರಿಸಿದರೆ ನಿಮಗೆ ನಷ್ಟ ಎಂದು ಬಿಡಬೇಡಿ. ಅಡ್ವಾನ್ಸಿನ ಲೆಕ್ಕ ಮನೆ ಕೊಟ್ಟು ಅಭ್ಯಾಸವಿರುವ ಮಾಲೀಕರಿಗೆ ಚೆನ್ನಾಗಿ ಗೊತ್ತಿರುತ್ತದೆ.

ನಾಲ್ಕನೆಯದು ಎರಡು ತಿಂಗಳಿಂದ ಬೋರ್ಡ್ ನೇತಾಡುತ್ತಿರುವ ಮನೆ. ಕೇಳುತ್ತಿರುವುದು 20,000. ಅದನ್ನು 20,000 ಎಂದೇ ಬರೆದುಕೊಳ್ಳಿ, ಪಕ್ಕದಲ್ಲಿ ಎರಡು ತಿಂಗಳ ಸಂಗತಿಯನ್ನೂ ಬರೆಯಿರಿ.

ಉಳಿದ ಎರಡನ್ನು ಲೆಕ್ಕದಿಂದ ಹೊರಗಿಡಬೇಕು. ಒಂದು, ಲಿಫ್ಟ್ ಇರುವ ಹೊಸ ಕಟ್ಟಡದ 24,000ದ ಮನೆ. ಇನ್ನೊಂದು, ಪಕ್ಕದ ಕಟ್ಟಡದಲ್ಲಿ ಆರು ವರ್ಷದಿಂದ ಇರುವವರು ಕೊಡುತ್ತಿರುವ 16,500. ಮೊದಲನೆಯದು ಬೇರೆ ಬಗೆಯ ಮನೆ, ಎರಡನೆಯದು ಹಳೆಯ ಕಾಲದ ಬಾಡಿಗೆ. ಇವೆರಡನ್ನೂ ಬಿಟ್ಟಿದ್ದೀರಿ ಎಂಬುದನ್ನು ಕಾಗದದಲ್ಲಿ ಹೇಳಿ. ನಿಮಗೆ ಅನುಕೂಲವಾಗುವ ಅಂಕಿಯನ್ನೂ ನೀವೇ ಬಿಟ್ಟಿದ್ದೀರಿ ಎಂದು ಕಂಡಾಗ, ಉಳಿದ ನಾಲ್ಕನ್ನು ಮಾಲೀಕರು ನಂಬುತ್ತಾರೆ.

ಈಗ ನಾಲ್ಕು ಅಂಕಿಗಳಿವೆ: 19,000, 19,000, 19,500, 20,000. ಅಂಚುಗಳು 19,000 ಮತ್ತು 20,000. ಮಧ್ಯದ ಎರಡರ ನಡುಬಿಂದು 19,250. ಮಾಲೀಕರು ಕೇಳಿದ 21,000 ಇದಕ್ಕಿಂತ 1,750 ಹೆಚ್ಚು. ಆದರೆ ನೀವು ಈಗ ಕೊಡುತ್ತಿರುವ 18,000 ಕೂಡ ಕಡಿಮೆಯೇ. ಅದನ್ನು ಒಪ್ಪಿಕೊಂಡೇ ಕಾಗದ ಶುರುವಾಗಬೇಕು. ನಿಮ್ಮ ಲೆಕ್ಕದಲ್ಲಿ ಸಮಮಾಡಿದ ಮೇಲೂ 21,000ವೇ ಬಂದರೆ, ಏರಿಕೆ ನ್ಯಾಯವಾದದ್ದೇ ಎಂದು ತಿಳಿಯಿರಿ. ಆಗ ಈ ಕಾಗದ ಬೇಡ, ಎರಡು ಕಂತಿನಲ್ಲಿ ಏರಿಸಲು ಕೇಳಿದರೆ ಸಾಕು.

ಹಂತ 4: ಖರ್ಚನ್ನು ಮೂರು ಗುಂಪು ಮಾಡಿ

ರಸೀದಿ, ಫೋನ್‌ಪೇ ಅಥವಾ ಗೂಗಲ್‌ಪೇ ಪಾವತಿಯ ಚಿತ್ರ, ರಿಪೇರಿಗೆ ಮೊದಲು ಮತ್ತು ನಂತರದ ಫೋಟೋ, ಆಗ ಮಾಲೀಕರಿಗೆ ಕಳಿಸಿದ ವಾಟ್ಸಾಪ್ ಸಂದೇಶ, ಎಲ್ಲವನ್ನೂ ಒಂದು ಕಡೆ ಹಾಕಿ. ಆಮೇಲೆ ಪ್ರತಿ ಖರ್ಚಿಗೂ ಒಂದೇ ಪ್ರಶ್ನೆ ಕೇಳಿ: ನಾಳೆ ನಾವು ಮನೆ ಬಿಟ್ಟರೆ ಇದರ ಲಾಭ ಯಾರಿಗೆ ಉಳಿಯುತ್ತದೆ?

ಮೊದಲ ಗುಂಪು, ಮಾಲೀಕರು ಮಾಡಿಸಬೇಕಿದ್ದ ಕೆಲಸವನ್ನು ನೀವು ಮಾಡಿಸಿದ್ದು. ನಮ್ಮ ಉದಾಹರಣೆಯ ಮನೆಯಲ್ಲಿ ಬಚ್ಚಲಿನ ಗೋಡೆಯೊಳಗಿನ ಪೈಪು ಸೋರಿ, ಟೈಲ್ಸ್ ಒಡೆದು ಪೈಪು ಬದಲಾಯಿಸಿ ಮತ್ತೆ ಟೈಲ್ಸ್ ಹಾಕಿಸಲು 5,400 ಆಯಿತು. ಮೀಟರಿನಿಂದ ಬರುವ ವೈರು ಸುಟ್ಟಾಗ ವೈರು, ಮೇನ್ ಸ್ವಿಚ್ಚು ಬದಲಾಯಿಸಲು 2,400. ಎರಡು ಸಲವೂ ಮಾಲೀಕರು ಊರಿನಲ್ಲಿರಲಿಲ್ಲ; ಫೋನಿನಲ್ಲಿ "ಮಾಡಿಸಿ, ಆಮೇಲೆ ನೋಡೋಣ" ಅಂದಿದ್ದರು. ಒಟ್ಟು 7,800. ಇದೇ ಹಣದ ಲೆಕ್ಕಕ್ಕೆ ಬರುವ ಗುಂಪು.

ಎರಡನೇ ಗುಂಪು, ನಿಮ್ಮ ಅನುಕೂಲಕ್ಕೆ ಮಾಡಿಸಿದರೂ ಮನೆಯಲ್ಲೇ ಉಳಿಯುವಂಥದ್ದು. ಮೂರು ಕಿಟಕಿಗೆ, ಬಾಲ್ಕನಿ ಬಾಗಿಲಿಗೆ ಸೊಳ್ಳೆ ಮೆಶ್ ಹಾಕಿಸಿದ್ದು 6,000. ಅದನ್ನು ನೀವೂ ಅನುಭವಿಸಿದ್ದೀರಿ, ಮಾಲೀಕರು ಹಾಕಿಸಿ ಎಂದೂ ಹೇಳಿರಲಿಲ್ಲ. ಹಾಗಾಗಿ ಅದನ್ನು ಕಾಗದದಲ್ಲಿ ಒಂದು ಸಾಲಿನಲ್ಲಿ ಹೇಳಿ, ಹಣವಾಗಿ ಕೇಳಬೇಡಿ.

ಮೂರನೇ ಗುಂಪು, ದಿನಬಳಕೆಯ ಸವಕಳಿ. ಬಲ್ಬು, ನಲ್ಲಿಯ ವಾಷರ್, ಫ್ಯಾನಿನ ಕಂಡೆನ್ಸರ್, ಸಿಂಕ್ ಕಟ್ಟಿಕೊಂಡಾಗ ಬಿಡಿಸಿದ್ದು, ನಿಮಗಿಷ್ಟದ ಬಣ್ಣವನ್ನು ಒಂದು ಗೋಡೆಗೆ ಹೊಡೆಸಿದ್ದು. ಇವು ಬಾಡಿಗೆದಾರರ ಪಾಲಿಗೇ ಬರುವಂಥವು. ಇದರಲ್ಲಿ ಒಂದನ್ನು ಸೇರಿಸಿದರೂ ಮಾಲೀಕರು ಅದನ್ನೇ ಹಿಡಿದುಕೊಂಡು, ಪೈಪಿನ 5,400ನ್ನು ಮರೆತುಬಿಡುತ್ತಾರೆ.

ಈ ಹಿಂದೆ ಬಾಡಿಗೆಯಲ್ಲಿ ಹಿಡಿದುಕೊಂಡದ್ದನ್ನು ಅಥವಾ ಮಾಲೀಕರು ವಾಪಸ್ ಕೊಟ್ಟದ್ದನ್ನು ಮತ್ತೆ ಎಣಿಸಬೇಡಿ. ಹಾಗೆಯೇ, ಸಿಟ್ಟಿನಲ್ಲಿ ಈ ತಿಂಗಳ ಬಾಡಿಗೆಯಿಂದ 7,800 ಮುರಿದುಕೊಳ್ಳಲೂ ಹೋಗಬೇಡಿ. 1882ರ ಸ್ವತ್ತು ವರ್ಗಾವಣೆ ಕಾಯ್ದೆಯ 108ನೇ ಸೆಕ್ಷನ್ ಪ್ರಕಾರ, ಮಾಲೀಕರು ಮಾಡಿಸಲೇಬೇಕಾದ ರಿಪೇರಿಯನ್ನು ನೋಟಿಸ್ ಕೊಟ್ಟ ಮೇಲೂ ಮಾಡಿಸದಿದ್ದರೆ ಬಾಡಿಗೆದಾರರು ಮಾಡಿಸಿ ಬಾಡಿಗೆಯಲ್ಲಿ ಹಿಡಿದುಕೊಳ್ಳಬಹುದು. ಕರಾರಿನಲ್ಲಿ ಬೇರೆ ಬರೆದಿದ್ದರೆ ಅದೇ ನಡೆಯುತ್ತದೆ. ಆದರೆ ನೋಟಿಸ್ ಕೊಡದೆ ಹಿಂದೆಂದೋ ಮಾಡಿಸಿದ್ದನ್ನು ಈಗ ಮುರಿದುಕೊಂಡರೆ ಮಾತುಕತೆ ಅಲ್ಲಿಗೇ ಮುರಿದುಬೀಳುತ್ತದೆ.

ಹಂತ 5: ನಿಮ್ಮ ಅಂಕಿ ನಿಶ್ಚಯಿಸಿ

"ಸ್ವಲ್ಪ ಕಡಿಮೆ ಮಾಡಿ" ಎಂದು ಮುಗಿಯುವ ಕಾಗದಕ್ಕೆ ಉತ್ತರವೂ ಸ್ವಲ್ಪವೇ ಸಿಗುತ್ತದೆ. ಒಂದು ಅಂಕಿ ಬರೆಯಲೇಬೇಕು, ಅದು ಎಲ್ಲಿಂದ ಬಂತು ಎಂದು ತೋರಿಸಲೂ ಬೇಕು.

ನಡುಬಿಂದು 19,250. ಪಟ್ಟಿಯ ಕೆಳ ಅಂಚು 19,000. ನಮ್ಮ ಬಾಡಿಗೆದಾರರು 19,000 ಕೇಳುವುದು ಸರಿಯಾದೀತು, ಅಂದರೆ ಸಾವಿರ ರೂಪಾಯಿ ಏರಿಕೆ, ನೂರಕ್ಕೆ ಐದೂವರೆಯಷ್ಟು. ನಡುಬಿಂದುವಿಗಿಂತ ತಿಂಗಳಿಗೆ 250 ಕಡಿಮೆ. ಹನ್ನೊಂದು ತಿಂಗಳಿಗೆ 2,750. ಮಾಲೀಕರ ಪರವಾಗಿ ಇವರು ಹಾಕಿದ ಹಣ 7,800. ಹೀಗಾಗಿ ಆ ಹಣವನ್ನು ಬೇರೆಯಾಗಿ ಕೇಳದೆ 19,000ಕ್ಕೆ ಒಪ್ಪಿದರೆ ಮಾಲೀಕರಿಗೇ 5,050 ರೂಪಾಯಿ ಉಳಿಯುತ್ತದೆ. ಪ್ರಸ್ತಾವ ಎರಡೂ ಕಡೆಗೆ ಹೊಂದುವಂತಿದೆ ಎಂಬುದಕ್ಕೆ ಇದೇ ಸಾಕ್ಷಿ.

ಇನ್ನೊಂದು ಅಂಕಿಯನ್ನು ನಿಮ್ಮ ಮನಸ್ಸಿನಲ್ಲೇ ಇಟ್ಟುಕೊಳ್ಳಿ: ಎಲ್ಲಿಯವರೆಗೆ ಒಪ್ಪುತ್ತೀರಿ? ಇದಕ್ಕೆ ಮನೆ ಬದಲಾಯಿಸುವ ಖರ್ಚನ್ನೂ ನೋಡಬೇಕು. ಬಿಡುವಾಗ ಪೇಂಟಿಂಗ್‌ಗೆಂದು ಅಡ್ವಾನ್ಸಿನಲ್ಲಿ ಒಂದು ತಿಂಗಳ ಬಾಡಿಗೆ ಹಿಡಿಯುವುದು ಬೆಂಗಳೂರಿನ ವಾಡಿಕೆ. ಅದರ ಮೇಲೆ ಸಾಮಾನು ಸಾಗಿಸುವುದು, ಬ್ರೋಕರ್ ಕಮಿಷನ್, ಹೊಸ ಅಡ್ವಾನ್ಸ್. ಐನೂರು ರೂಪಾಯಿಗಾಗಿ ಮನೆ ಬಿಟ್ಟರೆ ಹನ್ನೊಂದು ತಿಂಗಳಲ್ಲಿ ಉಳಿಯುವುದು 5,500. ಪೇಂಟಿಂಗಿಗೆ ಹೋಗುವುದೇ 18,000. ಹಾಗಾಗಿ 19,500ರವರೆಗೆ ಒಪ್ಪಬಹುದು ಎಂದು ಇವರು ತೀರ್ಮಾನಿಸುತ್ತಾರೆ. ಇದನ್ನು ಕಾಗದದಲ್ಲಿ ಬರೆಯುವುದಿಲ್ಲ.

ಮಾಲೀಕರ ಕಡೆಯಿಂದಲೂ ಒಮ್ಮೆ ಲೆಕ್ಕ ಹಾಕಿ. 19,000ದ ಬದಲು 21,000 ಸಿಕ್ಕರೆ ಹನ್ನೊಂದು ತಿಂಗಳಿಗೆ ಅವರಿಗೆ 22,000 ಹೆಚ್ಚು. ಆದರೆ ಮನೆ ಒಂದೇ ಒಂದು ತಿಂಗಳು ಖಾಲಿ ಬಿದ್ದರೆ 21,000 ಹೋಯಿತು. ಅಗ್ರಿಮೆಂಟ್ ಮುಗಿಯುವುದು ಆಷಾಢದಲ್ಲೋ ಧನುರ್ಮಾಸದಲ್ಲೋ ಆದರೆ ಹಾಲು ಉಕ್ಕಿಸಿ ಹೊಸ ಮನೆಗೆ ಬರುವವರೇ ಕಡಿಮೆ. ಅದೇ ಏಪ್ರಿಲ್, ಮೇ ತಿಂಗಳಾದರೆ ಶಾಲೆ ತೆರೆಯುವ ಮೊದಲು ಮನೆ ಹುಡುಕುವವರು ಬೇಕಾದಷ್ಟಿರುತ್ತಾರೆ. ಆಗ ನಿಮ್ಮ ಬಲ ಕಡಿಮೆ. ಈ ಮಾತನ್ನು ಕಾಗದದಲ್ಲಿ ಬೆದರಿಕೆಯಂತೆ ಬರೆಯಬೇಡಿ. ಎಷ್ಟು ಗಟ್ಟಿಯಾಗಿ ನಿಲ್ಲಬಹುದು ಎಂದು ನಿಮಗೇ ತಿಳಿಯಲು ಮಾತ್ರ ಇದು.

ಹಂತ 6: ಕಾಗದ ಬರೆಯಿರಿ

ಒಂದೇ ಪುಟ ಇರಲಿ. ಕ್ರಮ ಹೀಗೆ: ಅವರು ಕೇಳಿದ ಅಂಕಿಯನ್ನು ಸರಿಯಾಗಿ ಹೇಳಿ, ಏರಿಕೆ ಬೇಕೆಂಬುದನ್ನು ಒಪ್ಪಿ, ಸುತ್ತಲಿನ ಬಾಡಿಗೆ ತೋರಿಸಿ, ಖರ್ಚು ಹೇಳಿ, ನಿಮ್ಮ ಅಂಕಿ ಇಡಿ. ಮಾದರಿ ಇದು:

> ದಿನಾಂಕ: ………
>
> ಮಾನ್ಯರೆ,
>
> ನಮಸ್ಕಾರ. ಕಳೆದ ಭಾನುವಾರ ತಾವು ಬಾಡಿಗೆಯನ್ನು 18,000ದಿಂದ 21,000 ರೂಪಾಯಿಗೆ ಏರಿಸುವ ವಿಷಯ ತಿಳಿಸಿದಿರಿ. ನಾವು ಬಂದ 22 ತಿಂಗಳಲ್ಲಿ ತಾವು ಒಮ್ಮೆಯೂ ಬಾಡಿಗೆ ಹೆಚ್ಚಿಸಿಲ್ಲ. ಅದಕ್ಕೆ ನಾವು ಕೃತಜ್ಞರು, ಈಗ ಏರಿಕೆ ಆಗಬೇಕೆಂಬುದನ್ನೂ ಒಪ್ಪುತ್ತೇವೆ. ಎಷ್ಟು ಎಂಬುದರ ಬಗ್ಗೆ ಮಾತ್ರ ಈ ವಿವರಗಳನ್ನು ತಮ್ಮ ಮುಂದಿಡುತ್ತಿದ್ದೇವೆ.
>
> ನಮ್ಮ ಮನೆಯಂಥದೇ ಎರಡು ಬೆಡ್‌ರೂಮಿನ ಮನೆಗಳಿಗೆ ಈಗಿರುವ ಬಾಡಿಗೆ:
>
> 1. ನಮ್ಮ ಬೀದಿಯಲ್ಲೇ, ಒಂದನೇ ಮಹಡಿ: ಕೇಳುತ್ತಿರುವುದು 21,500. ಕಾರ್ ಪಾರ್ಕಿಂಗ್ (1,500) ಮತ್ತು ನೀರು (500) ಸೇರಿದೆ. ಅವನ್ನು ಬಿಟ್ಟರೆ 19,500.
> 2. ಮುಂದಿನ ಕ್ರಾಸ್, ಎರಡನೇ ಮಹಡಿ: ನಾಲ್ಕು ತಿಂಗಳ ಹಿಂದೆ 19,000ಕ್ಕೆ ಆಗಿದೆ.
> 3. ಪಾರ್ಕಿನ ಎದುರು, ಎರಡನೇ ಮಹಡಿ: 18,500. ಅಡ್ವಾನ್ಸ್ ನಮ್ಮದಕ್ಕಿಂತ ಒಂದು ಲಕ್ಷ ಹೆಚ್ಚು. ಅದರ ಬಡ್ಡಿ ಸೇರಿಸಿದರೆ 19,000.
> 4. ಹಿಂದಿನ ಕ್ರಾಸ್, ಎರಡನೇ ಮಹಡಿ: ಕೇಳುತ್ತಿರುವುದು 20,000. ಎರಡು ತಿಂಗಳಿಂದ ಖಾಲಿ ಇದೆ.
>
> ಲಿಫ್ಟ್ ಇರುವ ಹೊಸ ಕಟ್ಟಡದ ಮನೆಯನ್ನೂ (24,000), ಬಹಳ ವರ್ಷದಿಂದ ಅದೇ ಬಾಡಿಗೆದಾರರಿರುವ ಹಳೆಯ ಬಾಡಿಗೆಯ ಮನೆಯನ್ನೂ (16,500) ಹೋಲಿಕೆಗೆ ತೆಗೆದುಕೊಂಡಿಲ್ಲ. ಉಳಿದವನ್ನು ನೋಡಿದರೆ ಬಾಡಿಗೆ 19,000ದಿಂದ 20,000ದ ಒಳಗಿದೆ.
>
> ತಾವು ಊರಿನಲ್ಲಿಲ್ಲದಾಗ ತಮಗೆ ಫೋನಿನಲ್ಲಿ ತಿಳಿಸಿ ಬಚ್ಚಲಿನ ಗೋಡೆಯ ಪೈಪು, ಟೈಲ್ಸ್ ಕೆಲಸ (5,400) ಮತ್ತು ಮೀಟರಿನ ವೈರು, ಮೇನ್ ಸ್ವಿಚ್ಚು (2,400) ಮಾಡಿಸಿದ್ದೇವೆ. ಒಟ್ಟು 7,800 ರೂಪಾಯಿ. ರಸೀದಿಗಳ ಪ್ರತಿ ಜೊತೆಗಿದೆ. ಕಿಟಕಿಗಳಿಗೆ ನಾವು ಹಾಕಿಸಿದ ಮೆಶ್ ಮನೆಗೇ ಉಳಿಯುತ್ತದೆ, ಅದರ ಹಣ ಕೇಳುತ್ತಿಲ್ಲ.
>
> ಇದೆಲ್ಲವನ್ನೂ ಗಮನಿಸಿ ಮುಂದಿನ ಹನ್ನೊಂದು ತಿಂಗಳಿಗೆ ಬಾಡಿಗೆಯನ್ನು 19,000 ರೂಪಾಯಿಗೆ ನಿಗದಿ ಮಾಡಬೇಕೆಂದು ಕೋರುತ್ತೇವೆ. ತಾವು ಒಪ್ಪಿದರೆ ರಿಪೇರಿಯ 7,800 ರೂಪಾಯಿಯನ್ನು ಬೇರೆಯಾಗಿ ಕೇಳುವುದಿಲ್ಲ. ಈ ಮನೆಯಲ್ಲೇ ಮುಂದುವರಿಯಬೇಕೆಂಬುದು ನಮ್ಮ ಆಸೆ.
>
> ತಮಗೆ ಅನುಕೂಲವಾದ ದಿನ ಬಂದು ಮಾತಾಡುತ್ತೇವೆ.
>
> ವಂದನೆಗಳೊಂದಿಗೆ,
>
> (ಸಹಿ)

ಬರೆದ ಮೇಲೆ ಮಾಲೀಕರ ಜಾಗದಲ್ಲಿ ಕೂತು ಓದಿ. ಪ್ರತಿ ಸಾಲಿಗೂ "ಯಾವ ಮನೆ? ಯಾವಾಗ?" ಎಂದು ಕೇಳಿ. ಉತ್ತರ ಕೊಡಲು ಆಗದ ಸಾಲನ್ನು ಹೊಡೆದುಹಾಕಿ. ಮೂರೇ ಮನೆ ಉಳಿದರೂ ಪರವಾಗಿಲ್ಲ. ಸಂಬಳ ಏರಿಲ್ಲ, ಮಕ್ಕಳ ಫೀಸು ಜಾಸ್ತಿ ಎಂಬಂಥ ಮಾತು ಸೇರಿಕೊಂಡಿದ್ದರೆ ತೆಗೆಯಿರಿ. ಅವು ನಿಜವೇ ಆದರೂ, ಮಾಲೀಕರಿಗೂ ಅವರದೇ ಔಷಧಿ, ಆಸ್ತಿ ತೆರಿಗೆಯ ಪಟ್ಟಿ ಇರುತ್ತದೆ. ಆಗ ಮಾತು ಮನೆಯ ಬಾಡಿಗೆ ಬಿಟ್ಟು ಯಾರ ಕಷ್ಟ ದೊಡ್ಡದು ಎಂಬಲ್ಲಿಗೆ ಹೋಗುತ್ತದೆ.

ಹಂತ 7: ಕೈಯಲ್ಲಿ ಕೊಟ್ಟು, ಕೂತು ಮಾತಾಡಿ

ಮಾಲೀಕರು ಕೆಳಗಿನ ಮನೆಯಲ್ಲೇ ಇರುವಾಗ ಕಾಗದವನ್ನು ಅಂಚೆಯಲ್ಲೋ ವಾಟ್ಸಾಪ್‌ನಲ್ಲೋ ಮೊದಲು ಕಳಿಸಿದರೆ ಅವರಿಗೆ ನೋವಾಗುತ್ತದೆ, ವಕೀಲರ ನೋಟಿಸಿನಂತೆ ಕಾಣುತ್ತದೆ. ಸಂಜೆ ಹೊತ್ತು ಹೋಗಿ, "ಆಂಟಿ, ಬಾಡಿಗೆ ವಿಷಯ ಒಂದು ಕಾಗದದಲ್ಲಿ ಬರ್ಕೊಂಡು ಬಂದಿದೀನಿ, ಅಂಕಲ್ ಜೊತೆ ನಿಧಾನವಾಗಿ ನೋಡಿ. ಭಾನುವಾರ ಬರ್ತೀನಿ" ಎಂದು ಕೊಟ್ಟು ಬನ್ನಿ. ಅಲ್ಲೇ ಉತ್ತರ ಕೇಳಬೇಡಿ. ಲೆಕ್ಕ ನೋಡಲು, ಮಗನನ್ನೋ ಅಳಿಯನನ್ನೋ ಕೇಳಲು ಅವರಿಗೆ ಸಮಯ ಬೇಕು. ಮನೆಗೆ ಬಂದ ಮೇಲೆ ಕಾಗದದ ಫೋಟೋವನ್ನು ವಾಟ್ಸಾಪ್‌ನಲ್ಲೂ ಕಳಿಸಿ; ತಾರೀಖಿನ ದಾಖಲೆ ಉಳಿಯುತ್ತದೆ.

ಭಾನುವಾರ ಸಾಮಾನ್ಯವಾಗಿ ಮೂರರಲ್ಲಿ ಒಂದು ಉತ್ತರ ಬರುತ್ತದೆ. "19,500 ಮಾಡಿ" ಎಂದರೆ ಅದು ನಿಮ್ಮ ಗಡಿಯೊಳಗಿದೆ, ಒಪ್ಪಿಕೊಳ್ಳಿ. "ಬಾಡಿಗೆ 19,000 ಇರಲಿ, ಅಡ್ವಾನ್ಸ್ ಐವತ್ತು ಸಾವಿರ ಹೆಚ್ಚು ಕೊಡಿ" ಎಂದರೆ ಅದೇ ಬಡ್ಡಿ ಲೆಕ್ಕ ಹಾಕಿ: ತಿಂಗಳಿಗೆ 250, ಅಂದರೆ 19,250 ಕೊಟ್ಟಂತೆ. ಕೈಯಲ್ಲಿ ಹಣವಿದ್ದರೆ ಇದೂ ಸರಿಯೇ. "20,000ಕ್ಕಿಂತ ಕೆಳಗೆ ಬರಲ್ಲ" ಎಂದರೆ, ಆ ಅಂಕಿ ನಿಮ್ಮದೇ ಪಟ್ಟಿಯ ಮೇಲಿನ ಅಂಚು ಎಂಬುದನ್ನು ಮರೆಯಬೇಡಿ. ಆಗ ಕಾಗದದಲ್ಲಿ ಬಿಟ್ಟುಕೊಟ್ಟಿದ್ದ 7,800ನ್ನು ಮುಂದಿಡಿ: "20,000 ಆಗಲಿ ಅಂಕಲ್, ರಿಪೇರಿ ದುಡ್ಡು ಮೊದಲ ತಿಂಗಳ ಬಾಡಿಗೇಲಿ ಹಿಡ್ಕೊತೀವಿ." ಹನ್ನೊಂದು ತಿಂಗಳಿಗೆ ಹಂಚಿದರೆ ತಿಂಗಳಿಗೆ ಸುಮಾರು 700 ಆಗುತ್ತದೆ, ನೀವು ಕೊಟ್ಟದ್ದು ಸುಮಾರು 19,300. ಅವರಿಗೆ ಬಾಡಿಗೆ 20,000 ಎಂಬ ಸಮಾಧಾನ ಸಿಗುತ್ತದೆ. ಒಂದೇ ಎಚ್ಚರಿಕೆ, ಮುಂದಿನ ಏರಿಕೆಯ ಲೆಕ್ಕ 20,000ದ ಮೇಲೆ ಬೀಳುತ್ತದೆ. ಎರಡು ಮೂರು ವರ್ಷ ಇರುವ ಯೋಚನೆಯಿದ್ದರೆ ಬಾಡಿಗೆ ಕಡಿಮೆ ಇರುವ ದಾರಿಯೇ ಮೇಲು.

ಹಂತ 8: ಒಪ್ಪಿದ ಮಾತನ್ನು ಹೊಸ ಅಗ್ರಿಮೆಂಟಿಗೆ ಸೇರಿಸಿ

ಬಾಯಿಮಾತಿನಲ್ಲಿ ನಿಂತದ್ದು ಮುಂದಿನ ವರ್ಷ ಇಬ್ಬರಿಗೂ ಬೇರೆ ಬೇರೆಯಾಗಿ ನೆನಪಿರುತ್ತದೆ. ಹೊಸ ಸ್ಟಾಂಪ್ ಪೇಪರಿನಲ್ಲಿ ಮೂರು ಸಾಲು ಸ್ಪಷ್ಟವಾಗಿ ಬರಲಿ: ಬಾಡಿಗೆ ಎಷ್ಟು, ಯಾವ ತಾರೀಖಿನಿಂದ; ಮುಂದಿನ ನವೀಕರಣಕ್ಕೆ ಏರಿಕೆ ನೂರಕ್ಕೆ ಎಷ್ಟು; ಗೋಡೆಯೊಳಗಿನ ಪೈಪು, ವೈರಿಂಗ್, ತಾರಸಿ ಸೋರಿಕೆಯಂಥ ಕೆಲಸ ಮಾಲೀಕರದು, ಅವರ ಒಪ್ಪಿಗೆ ಪಡೆದು ಬಾಡಿಗೆದಾರರು ಮಾಡಿಸಿದರೆ ಮರುತಿಂಗಳ ಬಾಡಿಗೆಯಲ್ಲಿ ಹಿಡಿದುಕೊಳ್ಳಬಹುದು ಎಂಬುದು. 7,800ನ್ನು ಬಿಟ್ಟುಕೊಟ್ಟಿದ್ದೀರೋ ಹಿಡಿದುಕೊಂಡಿದ್ದೀರೋ ಅದನ್ನೂ ಬರೆಸಿ.

ಈ ಮೂರನೇ ಸಾಲು ಸೇರಿದರೆ ಮುಂದಿನ ಸಲ ಪೈಪು ಸೋರಿದಾಗ "ಮಾಡಿಸಿ, ಆಮೇಲೆ ನೋಡೋಣ" ಎಂಬ ಮಾತಿಗೆ ಒಂದು ತಾರೀಖು ಸಿಗುತ್ತದೆ. ಆಗ ಖರ್ಚಿನ ಹಣ ಆಗಿಂದಾಗಲೇ ಚುಕ್ತಾ ಆಗಿರುತ್ತದೆ. ಹನ್ನೊಂದು ತಿಂಗಳ ನಂತರ ಮತ್ತೆ ಕಾಗದ ಬರೆಯಬೇಕಾಗಿ ಬಂದರೂ ಅದರಲ್ಲಿ ಸುತ್ತಲಿನ ನಾಲ್ಕು ಮನೆಗಳ ಬಾಡಿಗೆಯೊಂದನ್ನೇ ಬರೆದರೆ ಸಾಕು.